ಝಡ್80 ಬೋರ್ಡ್: ಎಲ್‌ಸಿಡಿ ಅಕ್ಷರ ನುಂಗುತ್ತಿದ್ದ ಕಥೆ

ಕೊನೆಗೂ ಸಿಕ್ಕಿಬಿತ್ತು! ಇಂಟರಪ್ಟ್ ಆನ್ ಮಾಡಿದ ದಿನದಿಂದ ಎಲ್‌ಸಿಡಿ ಹುಚ್ಚಾಟ ಆಡುತ್ತಿತ್ತು. ಮೊದಲ ಪದ ಸರಿಯಾಗಿ ಬರುತ್ತದೆ, ಟೈಮರ್ ಒಮ್ಮೆ ಬಡಿದ ಮೇಲೆ ಬರೆದದ್ದೆಲ್ಲ ಮಾಯ. ರೋಮ್, ರ‍್ಯಾಮ್, ಕ್ಲಾಕ್, ರೀಸೆಟ್ ಎಲ್ಲ ಸುಸೂತ್ರ, ಅದನ್ನು ಬಿಡಿ.

ನನಗೆ 64 ಕೆಬಿ ಪೂರ್ತಿ ಮೆಮೊರಿಗೇ ಬೇಕಿತ್ತು, ಹಾಗಾಗಿ ಐಓ ಬೇರೆ ಇಟ್ಟೆ. ಡಿಕೋಡರ್ ಆಗಿ ಒಂದು 138 ಚಿಪ್, ಅದಕ್ಕೆ ಎ7, ಎ6, ಎ5. ಎಂಟು ತುಂಡು, ತುಂಡಿಗೆ 32 ಪೋರ್ಟ್. ಎಲ್‌ಸಿಡಿಗೆ 20ರಿಂದ 3Fವರೆಗಿನ ತುಂಡು, ಎ0 ಅದರ ಆರ್‌ಎಸ್ ಪಿನ್ನಿಗೆ, ಎ1 ಅದರ ರೀಡ್-ರೈಟ್ ಪಿನ್ನಿಗೆ. 138ರ ಔಟ್‌ಪುಟ್ ತಿರುಗಿಸಿ ನೇರವಾಗಿ ಇ ಪಿನ್ನಿಗೆ ಕೊಟ್ಟರೆ ಆರ್‌ಡಿ, ಡಬ್ಲ್ಯೂಆರ್ ಎರಡನ್ನೂ ಸೇರಿಸುವ ಗೇಟ್ ಉಳಿಯುತ್ತದೆ. ಈ ಜಿಪುಣತನ ನಮ್ಮಲ್ಲಿ ಯಾರು ಮಾಡಿಲ್ಲ ಹೇಳಿ.

ಮೊದಲು ಅನುಮಾನ ಎಲ್‌ಸಿಡಿ ಮೇಲೇ ಬಿತ್ತು. ಇನ್ನೊಂದು ತರಿಸಿದೆ. ಮಾರಿದ ಮಹಾನುಭಾವರು ಕಳಿಸಿದ್ದರಲ್ಲಿ 15, 16ನೇ ಪಿನ್ ಒಂದನೇ ಪಿನ್ನಿನ ಪಕ್ಕ ಕೂತಿದ್ದವು, ಅವರ ಪುಟದ ಚಿತ್ರದಲ್ಲಿ ಬೇರೆಯೇ ಇತ್ತು. ವೈರ್ ಬದಲಿಸಿ ಹಾಕಿದರೆ ಅದೂ ಅಕ್ಷರ ನುಂಗಿತು.

ತಲೆ ಕೆಡಿಸಿದ್ದು ಇದಲ್ಲ. ಏನಾಗುತ್ತಿದೆ ನೋಡೋಣ ಅಂತ ಸೀರಿಯಲ್ಲಿಗೆ ಒಂದು ಅಕ್ಷರ ಕಳಿಸುವ 13 ಬೈಟ್ ಕೋಡ್ ಸೇರಿಸಿದರೆ ತೊಂದರೆ ಮಂಗಮಾಯ! ತೆಗೆದರೆ ಮತ್ತೆ ಹಾಜರ್. ಹುಡುಕಲು ಹೋದಾಗ ಮಾತ್ರ ಅಡಗಿಕೊಳ್ಳುವ ಬಗ್ ಇದ್ದರೆ ಟೈಮಿಂಗ್ ಅಂತ ಗೊಣಗುತ್ತೇವೆ ಅಲ್ವಾ? ಟೈಮಿಂಗ್ ಅಲ್ಲ, ವಿಳಾಸ.

ಲಾಜಿಕ್ ಅನಲೈಸರ್ ಅನ್ನು ಇ ಮೇಲಿದ್ದು ಆರ್‌ಡಿ, ಡಬ್ಲ್ಯೂಆರ್ ಎರಡೂ ಸುಮ್ನೆ ಇರುವಾಗ ಹಿಡಿಯುವಂತೆ ಟ್ರಿಗರ್ ಮಾಡಿದೆ. ಅಂಥ ಪಲ್ಸ್ ಇರಲೇಬಾರದು. ಇತ್ತು, ಪ್ರತಿ ಇಂಟರಪ್ಟ್‌ಗೂ ಒಂದು. ಅದೇ ಹೊತ್ತಿಗೆ ಎಂ1 ಕೆಳಗೆ, ಐಓಆರ್‌ಕ್ಯೂ ಕೂಡ ಕೆಳಗೆ.

ಇಂಟರಪ್ಟ್ ಒಪ್ಪಿಕೊಂಡೆ ಅಂತ ಹೇಳಲು ಝಡ್80 ಬಳಿ ಬೇರೆ ಪಿನ್ ಇಲ್ಲ. ಎಂ1, ಐಓಆರ್‌ಕ್ಯೂ ಎರಡನ್ನೂ ಒಟ್ಟಿಗೆ ಇಳಿಸುತ್ತದೆ. ಆಗ ವಿಳಾಸದ ಬಸ್ಸಿನಲ್ಲಿ ಇರುವುದು ಪೋರ್ಟ್ ನಂಬರ್ ಅಲ್ಲ, ಪ್ರೋಗ್ರಾಂ ಕೌಂಟರ್. ಡಿಕೋಡರ್‌ಗೆ ಐಓಆರ್‌ಕ್ಯೂ ಮಾತ್ರ ಗೊತ್ತಿದ್ದರೆ ಅದು ಆ ಕೌಂಟರಿನ ಕೆಳಗಿನ ಬೈಟನ್ನೇ ಪೋರ್ಟ್ ಅಂದುಕೊಳ್ಳುತ್ತದೆ.

ನನ್ನ `HALT` ಇದ್ದದ್ದು 0133ರಲ್ಲಿ. ನಿಂತಿರುವಾಗ ಕೌಂಟರ್ ಮುಂದಿನ ವಿಳಾಸ ತೋರಿಸುತ್ತದೆ, ಅಂದರೆ 0134. ಕೆಳಗಿನ ಬೈಟ್ 34, ಅದು ಎಲ್‌ಸಿಡಿ ತುಂಡಿನೊಳಗೇ. ಎ0, ಎ1 ಎರಡೂ ಸೊನ್ನೆ, ಅಂದರೆ ಕಮಾಂಡ್ ಬರೆಯುವ ಅರ್ಥ. ಡೇಟಾ ಬಸ್ಸನ್ನು ಆಗ ಯಾರೂ ಓಡಿಸುತ್ತಿಲ್ಲ, ಪುಲ್-ಅಪ್ ರೆಸಿಸ್ಟರುಗಳಿಂದ FF. ಎಲ್‌ಸಿಡಿ ಕಂಟ್ರೋಲರ್‌ಗೆ FF ಅಂದರೆ ಕರ್ಸರನ್ನು 7F ವಿಳಾಸಕ್ಕೆ ಒಯ್ಯಿ ಅಂತ. ಎರಡು ಸಾಲಿನ ಪರದೆಯಲ್ಲಿ ಕಾಣುವುದು 00-0F, 40-4F ಮಾತ್ರ. ಮುಂದಿನ ಅಕ್ಷರಗಳು ಕಾಣದ ಊರಿಗೆ ಹೋದವು. ಡಿಬಗ್ ಕೋಡ್ ಸೇರಿಸಿದಾಗ ಆ 34 ಹೋಗಿ 41 ಆಯಿತು, ಅದು ಪಕ್ಕದ ಖಾಲಿ ತುಂಡು. ಅಷ್ಟೇ ಗುಟ್ಟು.

ಪರಿಹಾರಕ್ಕೆ ಹೊಸ ಚಿಪ್ ಬೇಡ. 138ಕ್ಕೆ ಮೂರು ಎನೇಬಲ್ ಇವೆ, ಅದರಲ್ಲಿ ಒಂದು ಮೇಲಿದ್ದಾಗ ಕೆಲಸ ಮಾಡುವುದು. ಅದನ್ನು 5 ವೋಲ್ಟಿನಿಂದ ಬಿಡಿಸಿ ಎಂ1ಗೆ ಕೊಟ್ಟೆ:

```
G1  = /M1     (ಮೊದಲು +5V)
G2A = /IORQ
G2B = GND
A,B,C = A5,A6,A7
```

ಮಾಮೂಲಿ `IN`, `OUT` ನಡೆಯುವಾಗ ಎಂ1 ಮೇಲೇ ಇರುತ್ತದೆ, ಹಾಗಾಗಿ ಅವುಗಳಿಗೆ ಏನೂ ಆಗುವುದಿಲ್ಲ.

ಮೆಮೊರಿ-ಮ್ಯಾಪ್ ಮಾಡಿದ್ದರೆ ಈ ಗೋಳೇ ಇರಲಿಲ್ಲ ಅಂತ ಗೆಳೆಯನೊಬ್ಬ ಅಂದ. ಇದು ಇರುತ್ತಿರಲಿಲ್ಲ, ನಿಜ, ಇಂಟರಪ್ಟ್ ಒಪ್ಪಿಕೊಳ್ಳಲು ಐಓಆರ್‌ಕ್ಯೂ ಇಳಿದಿರುವಾಗ ಎಂಆರ್‌ಇಕ್ಯೂ ಇಳಿಯುವುದಿಲ್ಲ. ಆದರೆ ಪ್ರತಿ ಆಪ್‌ಕೋಡ್ ಓದಿದ ಮೇಲೆ ರಿಫ್ರೆಶ್ ಬರುತ್ತದೆ, ಆಗ ಎಂಆರ್‌ಇಕ್ಯೂ ಇಳಿಯುತ್ತದೆ, ಆರ್‌ಡಿ ಇಳಿಯುವುದಿಲ್ಲ, ಮೇಲಿನ ಎಂಟು ವಿಳಾಸದಲ್ಲಿ ಐ ರಿಜಿಸ್ಟರ್ ಕೂತಿರುತ್ತದೆ. ಡಿಕೋಡರ್ ಎಂಆರ್‌ಇಕ್ಯೂ ಒಂದನ್ನೇ ನಂಬಿದ್ದು, ಐ ರಿಜಿಸ್ಟರ್ ಸಾಧನದ ಪುಟಕ್ಕೆ ತಾಗಿದರೆ, ಪ್ರತಿ ಇನ್‌ಸ್ಟ್ರಕ್ಷನ್‌ಗೂ ಒಂದು ಸುಳ್ಳು ಪಲ್ಸ್. ರೀಸೆಟ್ ಆದಾಗ ಐ ಸೊನ್ನೆ, ಸಾಮಾನ್ಯವಾಗಿ ಅಲ್ಲಿ ರೋಮ್ ಇರುವುದರಿಂದ ತಕ್ಷಣ ಗೊತ್ತೂ ಆಗಲ್ಲ. ವೇಗದ ವಾದ ತಂದರೆ, `OUT (n),A` 11 ಕ್ಲಾಕ್, `LD (nn),A` 13. ಎಚ್‌ಎಲ್ ಮೂಲಕ ಬರೆದರೆ 7, ಅಲ್ಲಿ ಮಾತ್ರ ಅವನು ಗೆದ್ದ.

ಅವನ ಮಾತು ತಲೆಯಲ್ಲಿ ಕೊರೆಯುತ್ತಿದೆ, ಮುಂದಿನದು 6502 ಬೋರ್ಡ್. ಅಲ್ಲಿ ಐಓ ಪಿನ್ನೇ ಇಲ್ಲ, ಎಲ್ಲ ಮೆಮೊರಿಯೇ. ಆದರೆ `STA nnnn,X` ಬರೆಯುವ ಮುಂಚೆ ಒಂದು ಸುಳ್ಳು ಓದು ಮಾಡುತ್ತದಂತೆ, ಓದಿದರೆ ಅಳಿಯುವ ಸ್ಟೇಟಸ್ ಬಿಟ್ ಇರುವ ಚಿಪ್ ಅಲ್ಲಿದ್ದರೆ ಕಥೆ ಏನು? ಐಓ ಪುಟಕ್ಕೆ ಇಂಡೆಕ್ಸ್ ಹಾಕಿ ಬರೆಯುವುದೇ ಬೇಡ ಅಂತ ಈಗಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಡಿಕೋಡರ್ ಚಿತ್ರದಲ್ಲಿ ಈ ಸಲ ಗೇಟಿಗೆ ಜಿಪುಣತನ ಇಲ್ಲ. ಆರ್ಡರ್ ಹಾಕುವುದು ಬೇರೆ ಕಡೆ, ಆ ಎಲ್‌ಸಿಡಿ ಮಹಾನುಭಾವರ ಬಳಿಯಂತೂ ಅಲ್ಲ.