ಅಜ್ಜಿಯ ಮಿಕ್ಸಿ ಯಾಕೆ ನಿಂತಿತು

ನಾನಾಗ ಒಂಬತ್ತನೇ ಕ್ಲಾಸು. ಒಂದು ಶುಕ್ರವಾರ ಬೆಳಿಗ್ಗೆ ಕಾಯಿಚಟ್ನಿ ಅರ್ಧ ರುಬ್ಬಿದ್ದಾಗಲೇ ಅಜ್ಜಿಯ ಮಿಕ್ಸಿ ನಿಂತುಹೋಯಿತು. ಮತ್ತೆ ತಿರುಗಿಸಿದರೆ ಸದ್ದೇ ಇಲ್ಲ. ಅಪ್ಪ ಪ್ಲಗ್ ತೆಗೆದು ಬೇರೆ ಪಾಯಿಂಟಿಗೆ ಹಾಕಿದರು. ಮಿಕ್ಸಿಯ ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದಲ್ಲ, ಲೋಡ್ ಜಾಸ್ತಿಯಾದರೆ ತಾನೇ ಹೊರಗೆ ಬಂದು ಕರೆಂಟ್ ನಿಲ್ಲಿಸುವಂಥದ್ದು, ಅದನ್ನೂ ಒತ್ತಿ ನೋಡಿದರು. ಏನೂ ಆಗಲಿಲ್ಲ.

"ಹದಿನಾಲ್ಕು ವರ್ಷ ಬಂತು, ಇನ್ನೇನು ಬೇಕು. ಎಕ್ಸ್‌ಚೇಂಜ್‌ಗೆ ಕೊಡೋಣ, 400 ರೂಪಾಯಿ ಕಳೀತಾರೆ," ಅಂದರು ಅಪ್ಪ.

ಅಜ್ಜಿಗೆ ಆ ಮಾತು ಹಿಡಿಸಲಿಲ್ಲ. "ಏನಾಗಿದೆ ಅಂತ ಯಾರಿಗೂ ತೋರಿಸದೆ ಕೊಟ್ಟುಬಿಡೋದಾ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಜಾಸ್ತಿ ಇತ್ತು.

ನಮ್ಮ ಬಡಾವಣೆಯ ಶಾಲೆಯ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ರಿಪೇರಿ ಕೂಟ ನಡೆಯುತ್ತದೆ. ಅದನ್ನು ಶುರು ಮಾಡಿದವರು ನಮ್ಮ ಹಿಂದಿನ ಬೀದಿಯ ಟೀಚರ್ ಆಂಟಿ. ಅವರು ಬೆಂಗಳೂರಿನಲ್ಲಿದ್ದಾಗ ಅಲ್ಲಿನ ರಿಪೇರಿ ಕೆಫೆಗೆ ಹೋಗುತ್ತಿದ್ದರಂತೆ. ಬೆಂಗಳೂರಿನಲ್ಲಿ ಅದು ಶುರುವಾಗಿದ್ದು 2015ರಲ್ಲಿ. ಅದಕ್ಕೂ ಮೊದಲು, 2009ರಲ್ಲಿ, ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟೀನಾ ಪೋಸ್ಟ್‌ಮಾ ಎಂಬ ಪತ್ರಕರ್ತೆ ಮೊದಲ ರಿಪೇರಿ ಕೆಫೆ ನಡೆಸಿದ್ದರು. ಅಲ್ಲಿಯ ಪದ್ಧತಿಯೇ ನಮ್ಮಲ್ಲೂ ಇದೆ. ಸಾಮಾನು ಕೊಟ್ಟು ಮನೆಗೆ ಹೋಗುವ ಹಾಗಿಲ್ಲ. ತಂದವರು ಪಕ್ಕದಲ್ಲೇ ಕೂರಬೇಕು, ಆದಷ್ಟು ತಮ್ಮ ಕೈಯಲ್ಲೇ ಬಿಚ್ಚಿ ಜೋಡಿಸಬೇಕು. ಕೂಲಿ ಇಲ್ಲ. ಬಿಡಿಭಾಗ ಬೇಕಾದರೆ ಅದರ ದುಡ್ಡು ಮಾತ್ರ ನಮ್ಮದು.

ಭಾನುವಾರ ಮಿಕ್ಸಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಅಜ್ಜಿ ಮುಂದೆ, ನಾನು ಹಿಂದೆ ಹೊರಟೆವು. ಹಾಲ್‌ನಲ್ಲಿ ಐದಾರು ಮೇಜು. ಒಂದು ಕಡೆ ಛತ್ರಿಯ ಕಡ್ಡಿಗೆ ಹೊಲಿಗೆ ಹಾಕುತ್ತಿದ್ದರು, ಇನ್ನೊಂದು ಕಡೆ ಸೈಕಲ್ ತಲೆಕೆಳಗಾಗಿ ನಿಂತಿತ್ತು. ನಮ್ಮನ್ನು ಕರೆಂಟ್ ಮೇಜಿಗೆ ಕಳಿಸಿದರು. ಅಲ್ಲಿದ್ದ ತಾತ ಮೂವತ್ತು ವರ್ಷ ಮೋಟರ್ ವೈಂಡಿಂಗ್ ಅಂಗಡಿ ನಡೆಸಿದವರು. ಎಲ್ಲರೂ ಅವರನ್ನು ವೈಂಡಿಂಗ್ ತಾತ ಅಂತಲೇ ಕರೆಯುತ್ತಿದ್ದರು.

ಅವರು ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಆದರೆ ಅವರು ಕುರ್ಚಿ ಎಳೆದು ಅಜ್ಜಿಯನ್ನು ಕೂರಿಸಿದರು. "ನಿಲ್ಲೋದಕ್ಕೆ ಮುಂಚೆ ಹೇಗಿತ್ತಮ್ಮ? ಒಂದೇ ಸಲ ನಿಂತಿತೋ, ಮೊದಲೇ ಏನಾದರೂ ತಕರಾರು ಮಾಡ್ತಿತ್ತೋ?"

ಅಜ್ಜಿ ಸ್ವಲ್ಪ ಯೋಚಿಸಿದರು. "ಹತ್ತು ದಿನದಿಂದ ಒಂದೊಂದು ಸಲ ಓಡ್ತಾನೇ ಇರಲಿಲ್ಲ. ಪಕ್ಕಕ್ಕೆ ಕೈಯಲ್ಲಿ ಒಂದೇಟು ಹಾಕಿದರೆ ಓಡೋದು."

"ಸುಟ್ಟ ವಾಸನೆ? ಹೊಗೆ?"

"ಹೊಗೆ ಇಲ್ಲ. ಗಾಳಿ ಬರೋ ಸಂದಿನಲ್ಲಿ ಕಿಡಿ ಕಾಣ್ತಿತ್ತು."

ತಾತ ನನ್ನ ಕಡೆ ತಿರುಗಿದರು. "ನಿಮ್ಮಜ್ಜಿ ಅರ್ಧ ರಿಪೇರಿ ಮಾಡಿಬಿಟ್ಟರು ನೋಡು ಮಗಾ."

ಹತ್ತು ದಿನದಿಂದ ನಾನೂ ಅದೇ ಅಡುಗೆಮನೆಯಲ್ಲಿ ತಿಂಡಿ ತಿಂದಿದ್ದೆ. ಆ ಕಿಡಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಿಕ್ಸಿಯ ಪ್ಲಗ್ಗನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಬಿಚ್ಚಿದ ಸಾಮಾನಿನ ಪ್ಲಗ್ ಕಣ್ಣೆದುರೇ ಇರಬೇಕು, ಅದು ಆ ಮೇಜಿನ ಕಟ್ಟುನಿಟ್ಟು. ಆಮೇಲೆ ಕರೆಂಟ್ ಹರಿಯುವ ದಾರಿ ಸರಿಯಿದೆಯೇ ಅಂತ ನೋಡುವ ಮಲ್ಟಿಮೀಟರ್ ತೆಗೆದರು. ಮಿಕ್ಸಿಯ ಸ್ವಿಚ್ಚನ್ನು ಒಂದರಲ್ಲಿಟ್ಟು, ಪ್ಲಗ್ಗಿನ ಎರಡು ಸಣ್ಣ ಪಿನ್ನಿಗೆ ಮೀಟರಿನ ಎರಡು ಕಡ್ಡಿ ಮುಟ್ಟಿಸಲು ಹೇಳಿದರು. ದಾರಿ ಸರಿಯಿದ್ದರೆ ಯಾವುದಾದರೂ ಅಂಕಿ ಬರಬೇಕು. ಬಂದಿದ್ದು `OL`. ಅಂದರೆ ಒಂದು ಪಿನ್ನಿನಿಂದ ಹೊರಟ ಕರೆಂಟ್ ಇನ್ನೊಂದು ಪಿನ್ನಿಗೆ ತಲುಪುತ್ತಿಲ್ಲ, ನಡುವೆ ಎಲ್ಲೋ ದಾರಿ ಕಡಿದಿದೆ. ಇನ್ನು ಎಲ್ಲಿ ಅಂತ ಹುಡುಕಬೇಕು.

ಮಿಕ್ಸಿ ಬೋರಲು ಹಾಕಿದೆ. ಅಡಿಯಲ್ಲಿ ನಾಲ್ಕು ರಬ್ಬರ್ ಕಾಲು, ಅವುಗಳ ಒಳಗೆ ನಾಲ್ಕು ಸ್ಕ್ರೂ. ಮೂರು ಬಂದವು. ನಾಲ್ಕನೆಯದಕ್ಕೆ ತುಕ್ಕು ಹಿಡಿದಿತ್ತು. ನಾನು ಜೋರು ಮಾಡಲು ಹೋದಾಗ ತಾತ ತಡೆದರು. ಜೋರು ಮಾಡಿದರೆ ಸ್ಕ್ರೂ ತಲೆಯ ಗೆರೆ ಸವೆದು ಡ್ರೈವರ್ ಜಾರುತ್ತದೆ, ಆಮೇಲೆ ಅದನ್ನು ಕೊರೆದೇ ತೆಗೆಯಬೇಕು. ಎರಡು ಹನಿ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದೆವು. ಆಮೇಲೆ ಮೊದಲು ಸ್ವಲ್ಪ ಬಿಗಿ ಮಾಡಿ, ನಂತರ ಸಡಿಲ ಮಾಡು ಅಂದರು. ಹಾಗೇ ಮಾಡಿದೆ, ಬಂತು.

ಒಳಗೆ ಹದಿನಾಲ್ಕು ವರ್ಷದ ಚಟ್ನಿಪುಡಿ, ಒಣಗಿದ ಕಾಯಿತುರಿ, ಒಂದು ಸತ್ತ ಜಿರಳೆ. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅಜ್ಜಿಯೇ ಎಲ್ಲಾ ಗುಡಿಸಿದರು. ಯಾವ ವೈರ್ ಎಲ್ಲಿದೆ ಅಂತ ನಾನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ. ವೈರನ್ನು ಬೇರೆಯಾಗಿ ಮೀಟರ್‌ಗೆ ಹಿಡಿದರೆ ಬೀಪ್ ಅಂತು, ಅಂದರೆ ಅಲ್ಲಿ ದಾರಿ ಕಡಿದಿಲ್ಲ. ಸ್ವಿಚ್ಚೂ ಬೀಪ್ ಅಂತು. ಉಳಿದಿದ್ದು ಮೋಟರ್.

ಆ ಮೋಟರಿನ ನಡುವೆ ತಿರುಗುವ ಭಾಗ ಇದೆ, ಅದಕ್ಕೆ ಆರ್ಮೇಚರ್ ಅನ್ನುತ್ತಾರೆ. ತಿರುಗುತ್ತಲೇ ಇರುವ ವಸ್ತುವಿಗೆ ವೈರ್ ಕಟ್ಟಿ ಕರೆಂಟ್ ಕೊಡಲು ಆಗುವುದಿಲ್ಲ, ಸುತ್ತಿಕೊಂಡು ಹರಿದುಹೋಗುತ್ತದೆ ಅಲ್ವಾ. ಅದಕ್ಕೇ ಆರ್ಮೇಚರಿನ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳ ಒಂದು ಉಂಗುರ ಇಟ್ಟಿದ್ದಾರೆ. ಅದು ಕಮ್ಯುಟೇಟರ್. ಅದರ ಎರಡು ಪಕ್ಕದಲ್ಲಿ ಎರಡು ಕಪ್ಪು ತುಂಡುಗಳು, ಹಿಂದಿನಿಂದ ಸ್ಪ್ರಿಂಗ್ ಒತ್ತುತ್ತಾ, ಉಂಗುರಕ್ಕೆ ಉಜ್ಜಿಕೊಂಡೇ ಇರುತ್ತವೆ. ಕರೆಂಟ್ ಒಳಗೆ ಹೋಗುವುದು ಆ ತುಂಡುಗಳ ಮೂಲಕ. ಹೆಸರು ಕಾರ್ಬನ್ ಬ್ರಷ್. ಕೂದಲು ಗೀದಲು ಏನೂ ಇಲ್ಲ, ಬರೀ ಒಂದು ಕರಿ ತುಂಡು.

ಕ್ಲಿಪ್ ಸರಿಸಿ ಅವನ್ನು ಹೊರಗೆ ತೆಗೆದೆ. ತಾತ ಡಬ್ಬಿಯಿಂದ ಒಂದು ಹೊಸದನ್ನು ತೆಗೆದು ಪಕ್ಕದಲ್ಲಿಟ್ಟರು. ಹೊಸದು ನನ್ನ ಕಿರುಬೆರಳಿನ ತುದಿಯಷ್ಟು, ಹತ್ತಿರ ಹತ್ತಿರ ಎರಡು ಸೆಂಟಿಮೀಟರ್. ನಮ್ಮದು ಅರ್ಧ ಸೆಂಟಿಮೀಟರೂ ಇಲ್ಲ. ಸ್ಪ್ರಿಂಗ್ ಪೂರ್ತಿ ಚಾಚಿದರೂ ತುಂಡು ತಾಮ್ರವನ್ನು ಮುಟ್ಟುತ್ತಿರಲಿಲ್ಲ. ಅಜ್ಜಿ ಏಟು ಹಾಕಿದಾಗೆಲ್ಲ ಅದು ಅಲುಗಿ ಸ್ವಲ್ಪ ಹೊತ್ತು ಮುಟ್ಟುತ್ತಿತ್ತು, ಮಿಕ್ಸಿ ಓಡುತ್ತಿತ್ತು. ಮುಟ್ಟಿ ಬಿಟ್ಟು ಮಾಡುವಾಗ ಹಾರಿದ್ದೇ ಆ ಕಿಡಿ.

"ಸವೆಯದ ಹಾಗೆ ಗಟ್ಟಿ ಲೋಹದಲ್ಲೇ ಮಾಡಬಹುದಿತ್ತಲ್ಲ?" ಅಂತ ಕೇಳಿದೆ.

ತಾತ ಹಳೇ ತುಂಡನ್ನು ತೆಗೆದುಕೊಂಡು ನನ್ನ ನೋಟ್‌ಬುಕ್ಕಿನ ಮೇಲೆ ಒಂದು ಗೆರೆ ಎಳೆದರು. ಪೆನ್ಸಿಲ್ಲಿನ ಹಾಗೆ ಬೂದು ಗೆರೆ ಬಿತ್ತು. ಅದರಲ್ಲೂ ಇರುವುದು ಗ್ರಾಫೈಟ್. ಕರೆಂಟನ್ನೂ ಹರಿಸುತ್ತದೆ, ಉಜ್ಜಿದರೆ ಜಾರುತ್ತದೆ. "ಎರಡು ವಸ್ತು ಉಜ್ಜಿದರೆ ಒಂದು ಸವೆಯಲೇಬೇಕು ಮಗಾ. ತಾಮ್ರದ ಉಂಗುರ ಸವೆದರೆ ಮೋಟರೇ ಹೋಯಿತು. ಅದಕ್ಕೇ 40 ರೂಪಾಯಿ ಜೋಡಿಯ ಈ ತುಂಡು ಸವೆಯಲಿ ಅಂತ ಮೆತ್ತಗೆ ಮಾಡಿರೋದು."

ಆದರೆ ಹೊಸ ಬ್ರಷ್ ಹಾಕುವುದಕ್ಕೆ ಮುಂಚೆ ಅವರು ಉಂಗುರವನ್ನು ಕೈಯಲ್ಲಿ ತಿರುಗಿಸುತ್ತಾ, ಟಾರ್ಚ್ ಬಿಟ್ಟು, ಒಂದೊಂದೇ ಪಟ್ಟಿ ನೋಡಿದರು. ಪೂರ್ತಿ ಒಂದೇ ಸಮನಾಗಿ ಕಪ್ಪಾಗಿದ್ದರೆ ಅದು ಬರೀ ಕಾರ್ಬನ್ ಪುಡಿ, ಚಿಂತೆಯಿಲ್ಲ. ಒಂದೆರಡು ಪಟ್ಟಿ ಮಾತ್ರ ಸುಟ್ಟು ಗುಳಿ ಬಿದ್ದಿದ್ದರೆ ಆರ್ಮೇಚರಿನ ಒಳಗೆ ಸುತ್ತಿದ ತಂತಿಯೇ ಕೆಟ್ಟಿದೆ ಅಂತ ಅನುಮಾನ ಪಡಬೇಕು. ಆಗ ಹೊಸ ಬ್ರಷ್ ಹಾಕಿದರೂ ಆ ಉಂಗುರ ಅದನ್ನೂ ತಿಂದುಹಾಕುತ್ತದೆ. ಅಜ್ಜಿ ಕುರ್ಚಿಯ ತುದಿಗೆ ಬಂದು ಕೂತಿದ್ದರು. ನಮ್ಮದು ಒಂದೇ ಸಮನೆ ಕಪ್ಪಾಗಿತ್ತು.

ನುಣುಪು ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿದೆ, ತಾಮ್ರ ಕೆಂಪಗೆ ಕಂಡಿತು. ಪಟ್ಟಿ ಪಟ್ಟಿಗಳ ನಡುವಿನ ಸಂದಿಯನ್ನು ಹಲ್ಲುಕಡ್ಡಿಯಲ್ಲಿ ಬಿಡಿಸಿದೆ. ಹೊಸ ಬ್ರಷ್‌ಗಳಲ್ಲಿ ಒಂದು, ಅದು ಕೂರುವ ಗೂಡಿನಲ್ಲಿ ಬಿಗಿಯಾಗಿ ಕೂತಿತು. ಹಾಗೆ ಬಿಟ್ಟರೆ ಸವೆದಂತೆಲ್ಲ ಮುಂದೆ ಜಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಪಕ್ಕವನ್ನು ಉಪ್ಪು ಕಾಗದದ ಮೇಲೆ ನಾಲ್ಕು ಸಲ ಎಳೆಯುವುದು, ಹಾಕಿ ನೋಡುವುದು, ಮತ್ತೆ ತೆಗೆಯುವುದು. ಐದನೇ ಸಲಕ್ಕೆ ತಾನಾಗಿ ಜಾರಿತು. ಮೀಟರ್ ಹಿಡಿದೆ, ಈಗ ಅಂಕಿ ಬಂತು. ಖುಷಿಯಲ್ಲಿ ತಳ ಮುಚ್ಚಿ ಸ್ಕ್ರೂ ಹಾಕಿದೆ.

ಪ್ಲಗ್ ಹಾಕುವುದು ಅಲ್ಲಿ ದೊಡ್ಡವರ ಕೆಲಸ. ತಾತ ಮೊದಲು ಸೀರೀಸ್ ಲ್ಯಾಂಪ್ ತಂದರು. ಒಂದು ಬಲ್ಬಿನ ಮೂಲಕ ಕರೆಂಟ್ ಕೊಟ್ಟು, ಅದು ಮೋಟರಿನ ಲೋಹದ ಭಾಗಕ್ಕೆ ಎಲ್ಲಾದರೂ ಇಳಿಯುತ್ತಿದೆಯೇ ಅಂತ ನೋಡುವ ಹಳೇ ಉಪಾಯ ಅದು. ಬಲ್ಬ್ ಚೂರು ಮಿಣುಕಿದರೂ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು ಅಂತ ಅರ್ಥ. ಮಿಣುಕಲಿಲ್ಲ. ಆಮೇಲೆ ಪ್ಲಗ್ ಹಾಕಿ ಸ್ವಿಚ್ ತಿರುಗಿಸಿದರು.

ಓಡಿತು. ಆದರೆ ಒಂದು ಕಡೆಯ ಸಂದಿನಲ್ಲಿ ನೀಲಿ ಕಿಡಿ ಚಟಚಟ ಅಂತ ಹಾರಿತು, ಸುಟ್ಟ ವಾಸನೆ ಬಂತು. ತಾತ ತಕ್ಷಣ ಆರಿಸಿದರು. ನನ್ನ ಎದೆ ಧಸಕ್ಕೆಂದಿತು. ಅಜ್ಜಿಯ ಮಿಕ್ಸಿಯನ್ನು ನಾನೇ ಸುಟ್ಟುಬಿಟ್ಟೆನಾ?

"ಹೊಸ ಬ್ರಷ್ಷು ಮೊದಲು ಸ್ವಲ್ಪ ಕಿಡಿ ಕೊಡುತ್ತೆ, ಕೂರೋ ತನಕ. ಇದು ಅದಲ್ಲ. ಬಿಚ್ಚು," ಅಂದರು. ದನಿಯಲ್ಲಿ ಗದರಿಕೆ ಇರಲಿಲ್ಲ.

ಬಿಚ್ಚಿದೆ. ಬ್ರಷ್ಷಿನ ಮುಖ ಸಪಾಟಾಗಿರುವುದಿಲ್ಲ, ಉಂಗುರದ ಮೈಗೆ ಹೊಂದುವ ಹಾಗೆ ಚೂರು ಕೊರೆದಿರುತ್ತಾರೆ. ನಮ್ಮದು ಚೌಕದ ತುಂಡು, ಯಾವ ಕಡೆ ತಿರುಗಿಸಿದರೂ ಗೂಡಿನಲ್ಲಿ ಕೂರುತ್ತದೆ. ಐದು ಸಲ ಹಾಕಿ ತೆಗೆದ ಗಡಿಬಿಡಿಯಲ್ಲಿ ನಾನು ಅದನ್ನು ಅಡ್ಡ ಕೂರಿಸಿದ್ದೆ. ಆ ಕೊರೆತ ಉಂಗುರಕ್ಕೆ ಅಡ್ಡವಾಗಿ ನಿಂತು, ಎರಡು ಅಂಚು ಮಾತ್ರ ತಾಮ್ರ ಮುಟ್ಟುತ್ತಿತ್ತು. ಕಾಲು ಸುತ್ತು ತಿರುಗಿಸಿ ಹಾಕಿದೆ. ಎರಡನೇ ಸಲ ಓಡಿಸಿದಾಗ ಸಣ್ಣ ಕಿಡಿ ಕಂಡಿತು. ಜಾರ್ ಇಲ್ಲದೆ ಒಂದರಲ್ಲೇ ಸ್ವಲ್ಪ ಹೊತ್ತು ಓಡಿಸಿ, ಬಿಟ್ಟು, ಮತ್ತೆ ಓಡಿಸಿದರು. ಕಿಡಿ ಕಮ್ಮಿಯಾಗುತ್ತಾ ಬಂತು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಈಗ ಸರಿಯಾಯ್ತು, ಇದೇ ಅದರ ಸದ್ದು," ಅಂದರು.

ಆ ದಿನ ಎಲ್ಲವೂ ರಿಪೇರಿ ಆಗಲಿಲ್ಲ. ನಮ್ಮ ಪಕ್ಕ ಕೂತಿದ್ದ ಪಿಯುಸಿ ಅಕ್ಕ ತನ್ನ ಬ್ಲೂಟೂತ್ ಸ್ಪೀಕರನ್ನು ವಾಪಸ್ ತೆಗೆದುಕೊಂಡು ಹೋದಳು. ಅದಕ್ಕೆ ಒಂದು ಸ್ಕ್ರೂ ಕೂಡ ಇರಲಿಲ್ಲ, ಇಡೀ ಮೈ ಅಂಟು ಹಾಕಿ ಮುಚ್ಚಿದ್ದರು. ಒಡೆಯದೆ ತೆರೆಯುವ ದಾರಿ ಸಿಗಲಿಲ್ಲ. ಒಬ್ಬರು ಮೈಕ್ರೋವೇವ್ ತಂದಿದ್ದರು, ತಾತ ಅದರ ಸ್ಕ್ರೂ ಮುಟ್ಟಲೂ ಬಿಡಲಿಲ್ಲ. ಪ್ಲಗ್ ತೆಗೆದ ಮೇಲೂ ಅದರ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಅದನ್ನು ಕಲಿತವರೇ ಬಿಚ್ಚಬೇಕು. ಮಿಕ್ಸಿ ಬಿಚ್ಚಿದ ಧೈರ್ಯದಲ್ಲಿ ನೀವೂ ಅದಕ್ಕೆ ಕೈ ಹಾಕಬೇಡಿ ದಯವಿಟ್ಟು.

ಮಾರನೇ ದಿನ ಬೆಳಿಗ್ಗೆ ಅಪ್ಪ ಚಟ್ನಿಯ ಜೊತೆ ಇಡ್ಲಿ ತಿನ್ನುತ್ತಾ, "40 ರೂಪಾಯಿಗೆ ಆಯ್ತಾ?" ಅಂತ ಎರಡು ಸಲ ಕೇಳಿದರು. ನಾನು ಸವೆದ ತುಂಡನ್ನು ಅವರ ತಟ್ಟೆಯ ಪಕ್ಕ ಇಟ್ಟೆ. ಅವರು ಅದನ್ನು ಬೆರಳಲ್ಲಿ ಉರುಳಿಸಿ ನೋಡಿದರು, ಬೆರಳು ಕಪ್ಪಾಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿ ಕೂಗಿದರು, ಇಸ್ತ್ರಿಪೆಟ್ಟಿಗೆಯ ವೈರ್ ಬುಡದಲ್ಲಿ ಬಿಸಿಯಾಗುತ್ತಿದೆಯಂತೆ, ಮುಂದಿನ ಕೂಟ ಯಾವತ್ತು ಅಂತ ಕೇಳಿಕೊಂಡು ಬರಬೇಕಂತೆ.