ಬೋರಿನಲ್ಲಿರುವ ಮೋಟಾರ್, ಗ್ಯಾಲರಿಯಲ್ಲಿರುವ ಫೋಟೋ

ಹೊಸದುರ್ಗದ ಕಡೆ ನಮ್ಮ ಭಾವನ ತೋಟವಿದೆ. ತೆಂಗು, ಅಡಿಕೆ ಎರಡಕ್ಕೂ ಒಂದೇ ಬೋರ್. ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿದ್ದಾಗಲೇ ಒಂದು ರಾತ್ರಿ ಕರೆಂಟ್ ಏರಿಳಿತವಾಗಿ ಪ್ಯಾನಲ್ ಬೋರ್ಡ್ ಸುಟ್ಟುಹೋಯಿತು. ಬೆಳಿಗ್ಗೆ ಮೆಕ್ಯಾನಿಕ್ ಬಂದು ಮೀಟರ್ ಹಿಡಿದು ನೋಡಿ, ಮೋಟಾರಿಗೆ ಏನೂ ಆಗಿಲ್ಲ, ಬೋರ್ಡ್ ಒಂದು ಹಾಕಿದರೆ ಸಾಕು ಅಂದ. ಪೇಟೆಗೆ ಹೊರಡುವಾಗ ಎರಡು ವಿಷಯ ಕೇಳಿದ. ಮೋಟಾರ್ ಎಷ್ಟು ಎಚ್‌ಪಿ? ಫುಲ್ ಲೋಡಿನಲ್ಲಿ ಎಷ್ಟು ಆಂಪ್ಸ್ ಎಳೆಯುತ್ತೆ? ಅಂಗಡಿಗೆ ಹೋಗಿ ಸೇರುವಷ್ಟರಲ್ಲಿ ತಿಳಿಸಿ ಎಂದು ಗಾಡಿ ಹತ್ತಿದ.

ಭಾವನಿಗೆ ಏಳೂವರೆಯೋ ಐದೋ ಎಂಬ ಅನುಮಾನ. ಬಿಲ್ಲು ಎಲ್ಲಿದೆಯೋ ಗೊತ್ತಿಲ್ಲ. ಮೋಟಾರ್ ನಾನೂರು ಅಡಿ ಕೆಳಗೆ ನೀರಿನಲ್ಲಿದೆ, ಇಷ್ಟಕ್ಕಾಗಿ ಅದನ್ನು ಎತ್ತುವ ಮಾತೇ ಇಲ್ಲ. "ಇಳಿಸುವಾಗ ಫೋಟೋ ಹೊಡೆದಿದ್ದೆ ಕಣಯ್ಯ, ಫೋನಿನಲ್ಲೇ ಇದೆ" ಅಂದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಸಣ್ಣ ಅಕ್ಷರ ಅಷ್ಟಾಗಿ ಹಿಡಿಯುವುದಿಲ್ಲ. "ನಿಮ್ಮ ಅಳಿಯ ಈ ಫೋನಿಗೆ ಏನೋ ಎಐ ಹಾಕಿಕೊಟ್ಟಿದ್ದಾನೆ, ನೆಟ್ ಬೇಡವಂತೆ. ಅದನ್ನೇ ಕೇಳಿದರೆ ಆಗಲ್ವಾ?" ಎಂದರು. ಅವರ ತೋಟದಲ್ಲಿ ಕರೆ ಹೋಗುತ್ತೆ, ಎಸ್ಸೆಮ್ಮೆಸ್ ಹೋಗುತ್ತೆ, ಡೇಟಾ ಮಾತ್ರ ಬರಲ್ಲ. ಹಾಗಾಗಿ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಅವರೇ ಟೈಪ್ ಮಾಡಿದರು: ನನ್ನ ಗ್ಯಾಲರಿಯಲ್ಲಿ ಬೋರ್ ಮೋಟಾರಿನ ಫೋಟೋ ಇದೆ, ಅದರಲ್ಲಿ ಎಷ್ಟು ಎಚ್‌ಪಿ ಎಂದು ಬರೆದಿದೆ? ಉತ್ತರ ಬಂತು. 5 ಎಚ್‌ಪಿ, ಜೊತೆಗೆ ವೋಲ್ಟೇಜು, ಆರ್‌ಪಿಎಂ ಎಲ್ಲ ಅಚ್ಚುಕಟ್ಟಾಗಿ. ಭಾವ ಆಗಲೇ ಮೆಕ್ಯಾನಿಕ್‌ಗೆ ಫೋನ್ ಮಾಡಲು ಹೊರಟಿದ್ದರು. ನಾನು ತಡೆದೆ. "ಒಂದು ನಿಮಿಷ ಭಾವ, ಇದು ಫೋಟೋ ನೋಡಿದೆಯಾ ಅಂತ ಮೊದಲು ನೋಡೋಣ." ಅದೇ ಜಾಗದಲ್ಲಿ, ಗ್ಯಾಲರಿಯಲ್ಲಿ ನಾನು ಹಸಿರು ಕುದುರೆಯ ಮೇಲೆ ಕೂತಿರುವ ಫೋಟೋ ಇದೆ, ನಾನು ಯಾವ ಬಣ್ಣದ ಅಂಗಿ ಹಾಕಿದ್ದೇನೆ ಎಂದು ಕೇಳಿದೆ. ಬಿಳಿ ಅಂಗಿ ಅಂದಿತು. ಅಂಥ ಫೋಟೋ ಎಲ್ಲೂ ಇಲ್ಲ.

ಯಾರ ಫೋನಿನಲ್ಲಾದರೂ ಇಂಥ ಎಐ ಮಾಡೆಲ್ ಇದ್ದರೆ ಈ ಪರೀಕ್ಷೆ ಮಾಡಿನೋಡಿ ಎನ್ನುತ್ತೇನೆ. ಇಲ್ಲದ ಫೋಟೋ ಬಗ್ಗೆ ಕೇಳಿ. "ನೋಡಲು ಆಗುವುದಿಲ್ಲ" ಎಂದು ಹೇಳದೆ ಉತ್ತರ ಕೊಟ್ಟರೆ, ಇರುವ ಫೋಟೋ ಬಗ್ಗೆ ಕೊಟ್ಟ ಉತ್ತರಕ್ಕೂ ಬೆಲೆ ಇಲ್ಲ. ಮಾಡೆಲ್ ಮಾಡುವುದು ಮುಂದಿನ ಪದ ಯಾವುದು ಬರಬಹುದು ಎಂದು ಊಹಿಸುವ ಕೆಲಸ. ಬೋರ್ ಮೋಟಾರ್ ಎಂಬ ಮಾತಿನ ಹಿಂದೆ 5 ಎಚ್‌ಪಿ ಎಂಬುದು ಸಲೀಸಾಗಿ ಬರುತ್ತೆ, ಅಷ್ಟೇ.

ಆ ಆ್ಯಪ್‌ನಲ್ಲಿ ಇದ್ದದ್ದು ಬರಹ ಮಾತ್ರ ಗೊತ್ತಿರುವ ಸಣ್ಣ ಮಾಡೆಲ್. ಚಿತ್ರ ಸೇರಿಸುವ ಗುರುತೇ ಕೆಳಗಿನ ಪಟ್ಟಿಯಲ್ಲಿ ಇರಲಿಲ್ಲ. ಒಂದೇ ಹೆಸರಿನ ಮಾಡೆಲ್‌ಗಳಲ್ಲೂ ಈ ವ್ಯತ್ಯಾಸ ಇರುತ್ತೆ. ಗೂಗಲ್‌ನ ಗೆಮ್ಮಾ 3 ತಗೊಳ್ಳಿ. ಅದರಲ್ಲಿ 1B ಎಂಬ ಚಿಕ್ಕದು ಬರೀ ಬರಹಕ್ಕೆ. 4B ಮತ್ತು ಅದಕ್ಕಿಂತ ದೊಡ್ಡವು ಚಿತ್ರವನ್ನೂ ನೋಡುತ್ತವೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಫೋನಿನಲ್ಲೇ ಓಡಿಸಲು ಬಳಸುವ GGUF ಎಂಬ ಫೈಲ್ ರೂಪದಲ್ಲಿ ಮಾಡೆಲ್ ಇಳಿಸಿಕೊಂಡರೆ, ಚಿತ್ರ ನೋಡುವ ಭಾಗ ಬೇರೆ ಫೈಲಿನಲ್ಲಿ ಬರುತ್ತೆ. ಅದರ ಹೆಸರು ಸಾಮಾನ್ಯವಾಗಿ `mmproj` ಎಂದು ಶುರುವಾಗುತ್ತೆ. 4B ಮಾಡೆಲ್ ನಾಲ್ಕು ಬಿಟ್‌ಗೆ ಕುಗ್ಗಿಸಿದ್ದು ಸುಮಾರು ಎರಡೂವರೆ ಜಿಬಿ, ಈ ಎರಡನೇ ಫೈಲ್ ಸುಮಾರು 850 ಎಂಬಿ. ಮೊದಲನೆಯದನ್ನು ಮಾತ್ರ ಹಾಕಿಕೊಂಡರೆ ಮಾತು ಬರುತ್ತೆ, ಕಣ್ಣು ಇರುವುದಿಲ್ಲ.

ನನ್ನ ಫೋನಿನಲ್ಲಿ ಎರಡೂ ಇದ್ದವು. ಬೆಂಗಳೂರಿನಲ್ಲಿ ವೈಫೈ ಇದ್ದಾಗಲೇ ಇಳಿಸಿಕೊಂಡಿದ್ದೆ. ಎಂಟು ಜಿಬಿ ರ‍್ಯಾಮ್ ಇದೆ, ಹಾಗಾಗಿ ತಡೆಯುತ್ತೆ. ಭಾವನ ನಾಲ್ಕು ಜಿಬಿ ಫೋನಿಗೆ ಇದನ್ನು ಹಾಕಿದರೆ ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತೆ. ಅವರ ಫೋಟೋವನ್ನು ಕ್ವಿಕ್ ಶೇರ್‌ನಲ್ಲಿ ನನ್ನ ಕಡೆ ಕಳಿಸಿಕೊಂಡೆ, ಅದಕ್ಕೂ ನೆಟ್ ಬೇಕಿಲ್ಲ. ಮೂಲ ಫೋಟೋ ಅಷ್ಟೇ ದೊಡ್ಡದಾಗಿ ಬರುತ್ತೆ ಎನ್ನುವುದು ಇಲ್ಲಿ ಮುಖ್ಯ. ಮೆಸೇಜಿಂಗ್ ಆ್ಯಪ್‌ಗಳಲ್ಲಿ ಬಂದ ಫೋಟೋ ಸಾಮಾನ್ಯವಾಗಿ ಕುಗ್ಗಿರುತ್ತೆ, ಅದರಲ್ಲಿ ಮೊದಲು ಸಾಯುವುದೇ ಸಣ್ಣ ಅಕ್ಷರ.

ಚಿತ್ರದ ಗುರುತು ಒತ್ತಿದ ಕೂಡಲೇ ಆಂಡ್ರಾಯ್ಡ್‌ನ ಫೋಟೋ ಆಯ್ಕೆಯ ಕಿಟಕಿ ತೆರೆಯಿತು. ಭಾವ ಪಕ್ಕದಲ್ಲೇ ಕೂತು ನೋಡುತ್ತಿದ್ದರು. "ಎಲ್ಲಾ ಫೋಟೋನೂ ಅದು ನೋಡ್ತಾ ಇದೆಯೇನಯ್ಯ?" ಎಂದು ಕೇಳಿದರು. ಇಲ್ಲ. ಆ ಕಿಟಕಿಯನ್ನು ತೋರಿಸುವುದು ಫೋನು. ನಾವು ಬೆರಳಿಟ್ಟು ಆರಿಸಿದ ಒಂದು ಫೋಟೋ ಮಾತ್ರ ಆ್ಯಪ್‌ಗೆ ಸಿಗುತ್ತೆ, ಆ್ಯಪ್ ಅದನ್ನು ಮಾಡೆಲ್ ಕೈಗೆ ಕೊಡುತ್ತೆ. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್‌ನ ಅನುಮತಿಗಳನ್ನು ತೆಗೆದು ತೋರಿಸಿದೆ. ಫೋಟೋ ಅನುಮತಿಯನ್ನು ಅದು ಕೇಳಿಯೇ ಇರಲಿಲ್ಲ. ಎಲ್ಲ ಆ್ಯಪ್‌ಗಳೂ ಹೀಗೇ ಇರುತ್ತವೆ ಎಂದಲ್ಲ, ಕೆಲವು ಇಡೀ ಗ್ಯಾಲರಿಯ ಅನುಮತಿ ಕೇಳುತ್ತವೆ. ಆದರೆ ಅನುಮತಿ ಇದ್ದರೂ ಮಾಡೆಲ್ ತಾನಾಗಿ ಎದ್ದು ಹೋಗಿ ಹುಡುಕುವುದಿಲ್ಲ. ಒಂದೊಂದೇ ಫೋಟೋ ತಂದು ಅದರ ಮುಂದಿಡುವ ಪ್ರೋಗ್ರಾಂ ಯಾರಾದರೂ ಬರೆದಿರಬೇಕು. ಗ್ಯಾಲರಿಯಲ್ಲಿ "ನಾಯಿ" ಎಂದು ಹುಡುಕಿದರೆ ನಾಯಿಯ ಫೋಟೋಗಳು ಬರುತ್ತವಲ್ಲ, ಅದು ಬೇರೆಯದೇ ಏರ್ಪಾಡು. ಅಲ್ಲಿ ಮೊದಲೇ ಎಲ್ಲ ಫೋಟೋಗಳಿಗೆ ಪಟ್ಟಿ ಮಾಡಿಟ್ಟಿರುತ್ತಾರೆ.

ಹಾಗಾಗಿ ಹುಡುಕುವ ಕೆಲಸ ನಮ್ಮದೇ ಆಗಿತ್ತು. ಮೋಟಾರ್ ಇಳಿಸಿದ ತಿಂಗಳು ಭಾವನಿಗೆ ನೆನಪಿತ್ತು, ನನ್ನ ಕಡೆ ಕಳಿಸುವ ಮೊದಲೇ ಅವರ ಫೋನಿನಲ್ಲಿ ತಾರೀಖು ಹಿಡಿದು ಹೋಗಿ ಫೋಟೋ ಹುಡುಕಿಕೊಂಡಿದ್ದೆವು. ಉದ್ದದ ಸ್ಟೀಲ್ ಮೋಟಾರ್, ಪಕ್ಕದಲ್ಲಿ ಪೈಪಿನ ರಾಶಿ, ಕೇಬಲ್ ಹಿಡಿದ ಹುಡುಗರು, ಹಿಂದೆ ಲಾರಿ. ಮೋಟಾರಿನ ಮೈಮೇಲೆ ಕೊರೆದ ಅಕ್ಷರ ನಡುವಿನಲ್ಲಿ ಸಣ್ಣದಾಗಿ ಕಾಣುತ್ತಿತ್ತು, ಅರ್ಧ ಕಡೆ ಬಿಸಿಲು ಹೊಳೆಯುತ್ತಿತ್ತು. ಏರೋಪ್ಲೇನ್ ಮೋಡ್ ಹಾಕಿ, ಇಡೀ ಫೋಟೋ ಕೊಟ್ಟು, ಕಾಣುವ ಅಂಕಿಗಳನ್ನು ಸಾಲಾಗಿ ಬರೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಫೋನು ಬಿಸಿಯಾಯಿತು, ತಡ ಮಾಡಿತು. ಆಮೇಲೆ ಬಂದದ್ದು ಇದು: 1.5 ಎಚ್‌ಪಿ, 5.5 ಕಿಲೋವ್ಯಾಟ್, 415 ವೋಲ್ಟ್, 11.5 ಆಂಪ್ಸ್.

ಈ ಸಲ ಅದು ಫೋಟೋ ನೋಡಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಎರಡು ಅಂಕಿ ಒಂದಕ್ಕೊಂದು ಕೂಡುತ್ತಿರಲಿಲ್ಲ. ಒಂದು ಎಚ್‌ಪಿ ಎಂದರೆ 0.746 ಕಿಲೋವ್ಯಾಟ್. ಒಂದೂವರೆ ಎಚ್‌ಪಿ ಆದರೆ ಕಿಲೋವ್ಯಾಟ್ ಸುಮಾರು 1.1 ಆಗಬೇಕು. 5.5 ಕಿಲೋವ್ಯಾಟ್ ನಿಜವಾದರೆ ಎಚ್‌ಪಿ ಏಳೂವರೆ ಆಗಬೇಕು. ಅಂದರೆ 7 ಎಂಬ ಅಂಕಿ ಅದಕ್ಕೆ 1 ಆಗಿ ಕಂಡಿದೆ.

ಯಾಕೆ ಹೀಗಾಗುತ್ತೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಉಪಾಯವೂ ಅದರಲ್ಲೇ ಇದೆ. ಆ ಫೋಟೋ 4000 ಅಗಲ, 3000 ಎತ್ತರದ ಪಿಕ್ಸೆಲ್‌ನದು. ಗೆಮ್ಮಾ 3 ಯಾವ ಫೋಟೋ ಕೊಟ್ಟರೂ ಅದನ್ನು ಮೊದಲು 896ಕ್ಕೆ 896ರ ಚೌಕವಾಗಿ ಕುಗ್ಗಿಸಿಕೊಳ್ಳುತ್ತೆ. ಆ ಚೌಕವನ್ನು ಕೊನೆಗೆ 256 ತುಣುಕುಗಳಾಗಿ ಮಾಡಿಕೊಂಡು ಓದುತ್ತೆ, ಅಡ್ಡ 16, ಉದ್ದ 16. ನಮ್ಮ ಫೋಟೋದಲ್ಲಿ ಒಂದು ತುಣುಕಿಗೆ ಮೂಲದ 250 ಪಿಕ್ಸೆಲ್ ಅಗಲ ಬಂತು. ಅಕ್ಷರ ಕೊರೆದ ಜಾಗ ಸುಮಾರು ಸಾವಿರ ಪಿಕ್ಸೆಲ್ ಅಗಲವಿತ್ತು. ಅಂದರೆ ಅಡ್ಡಕ್ಕೆ ನಾಲ್ಕೇ ನಾಲ್ಕು ತುಣುಕು. ಲಾರಿಗೆ, ಪೈಪಿಗೆ, ಆಕಾಶಕ್ಕೆ ಬೇಕಾದಷ್ಟು ತುಣುಕು ಹೋಯಿತು, ನಮಗೆ ಬೇಕಾದ ಅಂಕಿಗಳಿಗೆ ಉಳಿದದ್ದು ಚೂರು. ನಾವು ಬೆರಳಿನಲ್ಲಿ ಎಳೆದು ದೊಡ್ಡದು ಮಾಡಿ ನೋಡುತ್ತೇವಲ್ಲ, ಅದಕ್ಕೆ ಹಾಗೆ ಮಾಡಲು ಬರುವುದಿಲ್ಲ. ಅದಕ್ಕೋಸ್ಕರ ನಾವೇ ಮಾಡಿಕೊಡಬೇಕು.

ಗ್ಯಾಲರಿಯಲ್ಲೇ ಫೋಟೋ ತೆರೆದು, ಕ್ರಾಪ್ ಒತ್ತಿ, ಅಕ್ಷರದ ಜಾಗ ಮಾತ್ರ ಉಳಿಸಿದೆ. ಓರೆಯಾಗಿದ್ದುದನ್ನು ನೇರ ಮಾಡಿದೆ. ಹೊಳಪನ್ನು ಸ್ವಲ್ಪ ಇಳಿಸಿದೆ. ಅದನ್ನು ಬೇರೆ ಪ್ರತಿಯಾಗಿ ಉಳಿಸಿ, ಹೊಸ ಚಾಟ್ ತೆರೆದು ಕೊಟ್ಟೆ. ಹಳೆಯ ಚಾಟ್‌ನಲ್ಲೇ ಕೇಳಿದರೆ ಮೊದಲಿನ ಉತ್ತರ ಅದರ ಮುಂದೇ ಇರುತ್ತೆ, ಅದನ್ನೇ ಹಿಡಿದುಕೊಂಡು ಹೋಗುವ ಸಾಧ್ಯತೆ ಜಾಸ್ತಿ. ಈಗ ಎಲ್ಲ 256 ತುಣುಕೂ ಆ ಅಂಕಿಗಳ ಮೇಲೇ. ಬಂದ ಉತ್ತರ: 7.5 ಎಚ್‌ಪಿ, 5.5 ಕಿಲೋವ್ಯಾಟ್, 415 ವೋಲ್ಟ್, 14.5 ಆಂಪ್ಸ್.

ಎಚ್‌ಪಿ ಕೂಡಿತು. ಆಂಪ್ಸ್ ವಿಷಯದಲ್ಲಿ ಮಾತ್ರ ನಾನು ಅದನ್ನು ನಂಬಲಿಲ್ಲ. ಸಬ್‌ಮರ್ಸಿಬಲ್‌ಗಳಲ್ಲಿ ಆಂಪ್ಸ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ, ಲೆಕ್ಕ ಹಾಕಿ ಇಷ್ಟೇ ಎಂದು ಹೇಳಲು ಆಗಲ್ಲ. ಹೊಸ ಬೋರ್ಡಿನ ಓವರ್‌ಲೋಡ್ ರಿಲೇಯನ್ನು ಈ ಅಂಕಿ ನೋಡಿಯೇ ತಿರುಗಿಸಿ ಇಡುವುದು. ಕಡಿಮೆ ಇಟ್ಟರೆ ಮೋಟಾರ್ ಪದೇಪದೇ ನಿಲ್ಲುತ್ತೆ, ಜಾಸ್ತಿ ಇಟ್ಟರೆ ತೊಂದರೆ ಬಂದಾಗ ರಿಲೇ ಬೀಳುವುದಿಲ್ಲ, ಮೋಟಾರ್ ಸುಡುತ್ತೆ. ಅದಕ್ಕೇ ಕ್ರಾಪ್ ಮಾಡಿದ್ದನ್ನು ಭಾವನ ಮುಂದೆ ದೊಡ್ಡದು ಮಾಡಿ ಹಿಡಿದೆ. "ಒಂದು, ನಾಲ್ಕು, ಚುಕ್ಕೆ, ಐದು" ಎಂದು ಅವರೇ ಓದಿದರು. ನನಗೂ ಹಾಗೇ ಕಂಡಿತು. ಮಾಡೆಲ್ ಬರೆದದ್ದನ್ನೇ ನಕಲು ಮಾಡಿ ಮೆಕ್ಯಾನಿಕ್‌ಗೆ ಎಸ್ಸೆಮ್ಮೆಸ್ ಕಳಿಸಿದೆವು. ಇಂಗ್ಲಿಷ್ ಅಂಕಿ, ಅಕ್ಷರ ಕೂತು ಟೈಪ್ ಮಾಡುವ ಕೆಲಸ ಭಾವನಿಗೆ ತಪ್ಪಿತು.

ಭಾವನಿಗೆ ಹುಮ್ಮಸ್ಸು ಬಂತು. ಬೋರ್ ಕೊರೆದವರು ಕೊಟ್ಟ ಚೀಟಿಯ ಫೋಟೋ ತೆಗೆದರು. ಎಷ್ಟು ಅಡಿಗೆ ಕೇಸಿಂಗ್, ಎಲ್ಲಿ ನೀರು ಸಿಕ್ಕಿತು ಎಂದು ಕನ್ನಡದಲ್ಲಿ ಕೈಯಲ್ಲಿ ಬರೆದದ್ದು. ಅದನ್ನೂ ಕ್ರಾಪ್ ಮಾಡಿಯೇ ಕೊಟ್ಟೆ. ಅಂಕಿಗಳಲ್ಲಿ ಕೆಲವು ಸರಿ ಬಂದವು. ಪದಗಳು ಮಾತ್ರ ಚೀಟಿಯಲ್ಲಿ ಇಲ್ಲದವು, ಓದಲು ಕನ್ನಡದಂತೆಯೇ ಇದ್ದವು. ಮೋಟಾರಿನಲ್ಲಿ ಎಚ್‌ಪಿ, ಕಿಲೋವ್ಯಾಟ್ ಎಂದು ಜೋಡಿ ಇತ್ತು, ತಪ್ಪು ತಾನಾಗಿ ಸಿಕ್ಕಿಬಿತ್ತು. ಚೀಟಿಯಲ್ಲಿ ಅಂಥ ಜೋಡಿ ಯಾವುದೂ ಇಲ್ಲ. ಅಚ್ಚಾದ ಇಂಗ್ಲಿಷ್ ಅಕ್ಷರಕ್ಕೂ ಕೈಬರಹದ ಕನ್ನಡಕ್ಕೂ ಫೋನಿನಲ್ಲಿ ಹಿಡಿಯುವ ಈ ಸಣ್ಣ ಮಾಡೆಲ್‌ಗಳಲ್ಲಿ ಬಹಳ ಅಂತರವಿದೆ, ನನಗಂತೂ ಅದು ಬೇಸರದ ವಿಷಯ. ನಮ್ಮ ಹಳ್ಳಿಗಳಲ್ಲಿ ಫೋಟೋ ಹೊಡೆದು ಇಟ್ಟುಕೊಳ್ಳುವ ಕಾಗದಗಳಲ್ಲಿ ಮುಕ್ಕಾಲು ಪಾಲು ಇಂಥವೇ ಅಲ್ವಾ?

ಚೀಟಿಯನ್ನು ಭಾವ ಗಟ್ಟಿಯಾಗಿ ಓದಿದರು, ನಾನು ಫೋನಿನ ನೋಟ್ಸ್‌ನಲ್ಲಿ ಬರೆದೆ. ಅದರ ಕೆಳಗೇ ಮೋಟಾರಿನ ವಿವರ, ಯಾವ ತಿಂಗಳ ಫೋಟೋ ಎಂಬುದನ್ನೂ ಸೇರಿಸಿದೆ. ಆ್ಯಪ್‌ನ ಚಾಟ್ ಅಳಿಸಿದರೆ ಅದರಲ್ಲಿದ್ದ ಉತ್ತರವೂ ಹೋಗುತ್ತೆ, ಮುಂದಿನ ಸಲ ಹೊಸ ಚಾಟ್‌ನಲ್ಲಿ ಮಾಡೆಲ್‌ಗೆ ಇದು ಯಾವುದೂ ಗೊತ್ತಿರುವುದಿಲ್ಲ. ಸಂಜೆ ಮೆಕ್ಯಾನಿಕ್ ಬಂದು ಏಳೂವರೆ ಎಚ್‌ಪಿಯ ಬೋರ್ಡ್ ಕೂರಿಸಿ, ರಿಲೇಯನ್ನು ಹದಿನಾಲ್ಕೂವರೆಗೆ ತಿರುಗಿಸಿದ. ಮೋಟಾರ್ ಹಾಕಿ ಟಾಂಗ್ ಟೆಸ್ಟರ್ ಹಿಡಿದು ನೋಡಿದಾಗ ಹದಿಮೂರು ಚಿಲ್ಲರೆ ಆಂಪ್ಸ್ ತೋರಿಸಿತು. ಭಾವನ ಫೋನಿನಲ್ಲಿದ್ದ ಸಣ್ಣ ಮಾಡೆಲ್ಲನ್ನು ಅವರು ತೆಗೆಸಲಿಲ್ಲ. ಮಗನಿಗೆ ಪತ್ರ ಬರೆಸಲು ಇರಲಿ ಎಂದರು. ಫೋಟೋ ವಿಷಯ ಏನಿದ್ದರೂ ಕ್ರಾಪ್ ಮಾಡಿ ನನಗೆ ಕಳಿಸುತ್ತೇನೆ ಎಂದಿದ್ದಾರೆ.