ಅಮಾನಿಕೆರೆಗೆ ಹಡಗು ಬರಲ್ಲ

“ಅಕ್ಕಾ, ದುಬೈಗೆ ಕಳಿಸೋಕೆ ಒಂದು ಟನ್ನಿಗೆ ಎಷ್ಟಾಗುತ್ತೆ? ಸುಮ್ನೆ ಒಂದು ಅಂದಾಜು ಹೇಳಿ.”

ಹೇಳಲ್ಲ.

ರಫ್ತಿನ ಸರಕಿಗೆ ಹಡಗು ಗೊತ್ತುಮಾಡಿಕೊಡುವ ಫಾರ್ವರ್ಡರ್ ನಾನು. ತುಮಕೂರಿನ ಬಿ.ಎಚ್. ರಸ್ತೆಯ ಈ ಆಫೀಸಿನಲ್ಲಿ ಇದನ್ನು ಕೇಳಿಸಿಕೊಂಡಿದ್ದೇನೆ, ಮದುವೆಮನೆ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಕೇಳಿಸಿಕೊಂಡಿದ್ದೇನೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗ ಡಾಕ್ಟರೇ ಕೇಳಿದರು, ಅವರ ಭಾಮೈದನಿಗೋಸ್ಕರವಂತೆ. ಅವತ್ತು ನಾನು ಉತ್ತರ ಕೊಡದೇ ಇದ್ದದ್ದಕ್ಕೆ ಯಾರೂ ತಪ್ಪು ತಿಳಿಯಲಿಲ್ಲ. ಉಳಿದ ದಿನಗಳಲ್ಲಿ “ಅವಳಿಗೆ ಜಂಬ” ಅನ್ನುತ್ತಾರೆ.

ನನಗೆ ಉರಿ ಹತ್ತಿಸುವುದು ಆ “ಸುಮ್ನೆ”. ಸುಮ್ನೆ ಹೇಳಿದ ಅಂಕಿ ಸುಮ್ಮನಿರುವುದಿಲ್ಲ. ಎರಡು ದಿನದಲ್ಲಿ ಅದು ದುಬೈನ ಯಾರಿಗೋ ಕಳಿಸಿದ ಪ್ರೊಫಾರ್ಮಾ ಇನ್‌ವಾಯ್ಸಿನೊಳಗೆ ಹೋಗಿ ಕೂತಿರುತ್ತದೆ. ಆಮೇಲೆ ನಿಜವಾದ ರೇಟು ಬಂದಾಗ “ನೀವೇ ತಾನೇ ಹೇಳಿದ್ದು” ಎನ್ನುವ ಮಾತು ನನ್ನ ಬಾಗಿಲಿಗೇ ಬರುತ್ತದೆ.

ಇನ್ನು ಆ “ಟನ್ನಿಗೆ”. ಇದು ಎಪಿಎಂಸಿ ಲೆಕ್ಕ, ಹಡಗಿನದಲ್ಲ. ಇಡೀ ಕಂಟೇನರ್ ಹಿಡಿದರೆ ಬಾಡಿಗೆ ಪೆಟ್ಟಿಗೆಗೆ, ಒಳಗೆ ಎಂಟು ಟನ್ ಇರಲಿ, ಹದಿನೆಂಟು ಇರಲಿ. ಬೇರೆಯವರ ಸರಕಿನ ಜೊತೆ ಕಂಟೇನರ್ ಹಂಚಿಕೊಂಡರೆ, ಅಂದರೆ ಎಲ್‌ಸಿಎಲ್‌ನಲ್ಲಿ, ತೂಕ ಎಷ್ಟು ಟನ್, ಜಾಗ ಎಷ್ಟು ಘನ ಮೀಟರ್, ಎರಡರಲ್ಲಿ ಯಾವ ಅಂಕಿ ಹೆಚ್ಚೋ ಅದಕ್ಕೆ ದುಡ್ಡು. ಈ ಘನ ಮೀಟರನ್ನೇ ನಾವು ಸಿಬಿಎಂ ಅನ್ನುವುದು. ನಮ್ಮ ಕಡೆಯ ಸರಕಿನಲ್ಲಿ ಬಹಳಷ್ಟು ಹಗುರ, ಜಾಗ ಜಾಸ್ತಿ ತಿನ್ನುತ್ತದೆ.

ತಿಪಟೂರು ಕಡೆಯ ಒಬ್ಬ ಹುಡುಗನ ಕತೆ ಹೇಳಿದರೆ ಇದೆಲ್ಲ ತಿಳಿಯುತ್ತದೆ. ಹೆಸರು ಬೇಡ, ಈಗ ನಾವಿಬ್ಬರೂ ಚೆನ್ನಾಗಿದ್ದೇವೆ.

ಅವನ ಮೊದಲ ಮೆಸೇಜು: “ತೆಂಗಿನಕಾಯಿ, 100 ಚೀಲ, ಎರಡೂವರೆ ಟನ್, ಸಿಐಎಫ್ ದುಬೈ ಡೋರ್ ಡೆಲಿವರಿ, ರೇಟ್ ಪ್ಲೀಸ್.” ಜೊತೆಗೆ ಚೀಲದ ಫೋಟೊ, ಅಳತೆ ಗೊತ್ತಾಗಲೆಂದು ಪಕ್ಕದಲ್ಲಿ ಅವನ ಅಂಗೈ. ಅಂಗೈ ಎಷ್ಟು ಸೆಂಟಿಮೀಟರ್ ಅಂತ ಕೇಳಿದೆ. ಟೇಪು ಹಿಡಿದು ಅಳೆದು ಕಳಿಸಿದ, ಖಾಲಿ ಚೀಲವನ್ನು. ತುಂಬಿಸಿ, ಹೊಲಿದು, ನೆಲದ ಮೇಲೆ ಮಲಗಿಸಿ ಅಳೆಯಪ್ಪಾ ಅಂದಮೇಲೆ ಸರಿಯಾದ ಅಳತೆ ಬಂತು: ಉದ್ದ 70 ಸೆಂಟಿಮೀಟರ್, ಅಗಲ 45, ದಪ್ಪ 18. ಮೂರನ್ನೂ ಗುಣಿಸಿ, ನೂರು ಚೀಲಕ್ಕೆ ಲೆಕ್ಕ ಹಾಕಿದರೆ 5.67 ಸಿಬಿಎಂ. ಎರಡೂವರೆ ಟನ್ ಅಂತ ಅವನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಬಾಡಿಗೆ ಅಲ್ಲೇ ಎರಡು ಪಟ್ಟು ದಾಟಿತು.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸಿನಲ್ಲಿ ಸರಕನ್ನು ಗುರುತಿಸುವ ನಂಬರ್ ಕೇಳಿದೆ, 0801 ಅಂದ. ಅದು ತೆಂಗಿನಕಾಯಿಯದೇ. ಕನ್ಸಾಲಿಡೇಟರ್ ಹತ್ತಿರ, ಅಂದರೆ ಹತ್ತಾರು ಜನರ ಸರಕು ಸೇರಿಸಿ ಕಂಟೇನರ್ ತುಂಬುವವರ ಹತ್ತಿರ, ರೇಟು ತೆಗೆದುಕೊಟ್ಟೆ. ಲಾರಿ ವೈಟ್‌ಫೀಲ್ಡಿನ ಗೋದಾಮಿಗೆ ಹೋಯಿತು. ಮಧ್ಯಾಹ್ನ ಅಲ್ಲಿಂದ ಫೋನು: “ಮೇಡಂ, ಒಂದು ಚೀಲ ಬಿಚ್ಚಿಸಿದ್ವಿ. ಇದು ಕಾಯಲ್ಲ, ಕೊಬ್ಬರಿ.”

ಉಂಡೆ ಕೊಬ್ಬರಿ. ಅಟ್ಟದ ಮೇಲೆ ವರ್ಷದ ಹತ್ತಿರ ಮಲಗಿ, ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕರಟದೊಳಗೆ ಗುಡುಗುಡು ಅನ್ನುತ್ತದಲ್ಲ, ಅದು. ಹುಡುಗನ ಮನೆಯಲ್ಲಿ ಅಜ್ಜನ ಕಾಲದಿಂದ ಅಟ್ಟದ ತುಂಬ ಇರುವ ವಸ್ತು. ಹಡಗಿನವರ ಪುಸ್ತಕದಲ್ಲಿ ಮಾತ್ರ ಅದು ಅಪಾಯಕಾರಿ ಸರಕು, ಅಂದರೆ ಡೇಂಜರಸ್ ಗೂಡ್ಸ್, ಚಿಕ್ಕದಾಗಿ ಡಿಜಿ: ಯುಎನ್ ನಂಬರ್ 1363, ಕ್ಲಾಸ್ 4.2, ತಾನಾಗಿಯೇ ಬಿಸಿಯೇರುವ ವಸ್ತು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಗಾಳಿಯ ಜೊತೆ ಸೇರಿ ನಿಧಾನಕ್ಕೆ ಶಾಖ ಹುಟ್ಟಿಸುತ್ತದೆ. ಸರಿಯಾಗಿ ಒಣಗದೆ ತೇವ ಉಳಿದಿದ್ದರೆ ಬೂಷ್ಟು ಹಿಡಿದು ಇನ್ನಷ್ಟು ಕಾವು. ಅಟ್ಟದಲ್ಲಿ ಗಾಳಿಯಾಡುತ್ತದೆ, ಕಾವು ಹೋಗುತ್ತದೆ. ಬಿಸಿಲಿಗೆ ಕಾದ ಕಬ್ಬಿಣದ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಪೇರಿಸಿದ ಚೀಲಗಳ ನಡುವೆ ಅದು ಎಲ್ಲಿಗೆ ಹೋಗಬೇಕು? ವಿಮಾನ ಹತ್ತುವವರ ಬ್ಯಾಗಿನಿಂದ ಒಣಕೊಬ್ಬರಿ ತೆಗೆಸುವುದೂ ಇದೇ ಭಯಕ್ಕೆ.

ಬೇರೆಯವರ ಬಟ್ಟೆ, ಮಸಾಲೆ ಇರುವ ಕಂಟೇನರಿಗೆ ಇದನ್ನು ಹಾಕಿಕೊಳ್ಳಲು ಆ ಕನ್ಸಾಲಿಡೇಟರ್ ಒಪ್ಪಲಿಲ್ಲ. ಒಪ್ಪಬಾರದು ಕೂಡ. ಲಾರಿ ವಾಪಸ್ಸು. ಹೋಗುವ ಬಾಡಿಗೆ, ಬರುವ ಬಾಡಿಗೆ, ಗೋದಾಮಿನ ಇಳಿಸುವ ಏರಿಸುವ ಕೂಲಿ, ಎಲ್ಲ ಅವನ ತಲೆಗೆ. “ಅಕ್ಕಾ, ನೀವು ಕೇಳಬೇಕಿತ್ತು” ಅಂದ. ನೀನು ಹೇಳಬೇಕಿತ್ತು ಅಂದೆ. ಕೊಬ್ಬರಿಯ ಎಚ್‌ಎಸ್ ಕೋಡ್ 1203, ಬೇರೆಯೇ ಇದೆ. ಅದನ್ನು ಮೊದಲೇ ಬರೆದಿದ್ದರೆ ನನ್ನ ಕಣ್ಣಿಗೆ ಆ ಕ್ಷಣವೇ ಬೀಳುತ್ತಿತ್ತು. ಆದರೆ ತಿಪಟೂರಿನಿಂದ ಬಂದ ವಿಚಾರಣೆಗೆ “ಕಾಯೋ ಕೊಬ್ಬರಿಯೋ” ಅಂತ ಕೇಳದ ತುಮಕೂರಿನವಳಿಗೂ ಏನಾದರೂ ಅನ್ನಬೇಕು. ಈಗ ಅದೇ ನನ್ನ ಮೊದಲ ಪ್ರಶ್ನೆ.

ಆಮೇಲೆ ಅವನು ಅಕ್ಕಪಕ್ಕದ ಮನೆಗಳ ಅಟ್ಟ ಇಳಿಸಿ ಇಡೀ ಇಪ್ಪತ್ತು ಅಡಿ ಕಂಟೇನರಿಗೆ ಆಗುವಷ್ಟು ಸೇರಿಸಿದ. ಇಪ್ಪತ್ತು ಅಡಿಯ ಒಳಜಾಗ ಕಾಗದದಲ್ಲಿ ಸುಮಾರು 33 ಸಿಬಿಎಂ, ಚೀಲ ಪೇರಿಸುವಾಗ ಕೈಗೆ ಸಿಗುವುದು 27, 28. ಅವನ ಚೀಲದ ಲೆಕ್ಕದಲ್ಲಿ 480 ಚೀಲ, 12 ಟನ್. ತೂಕದ ಮಿತಿ ಇನ್ನೂ ದೂರ ಇರುವಾಗಲೇ ಪೆಟ್ಟಿಗೆ ತುಂಬಿತು. ಸರಕಿನ ಸುರಕ್ಷತಾ ವಿವರ ಇರುವ ಎಂಎಸ್‌ಡಿಎಸ್, ಅವನ ಸಹಿಯ ಡಿಜಿ ಡಿಕ್ಲರೇಷನ್ ಎರಡನ್ನೂ ಹಡಗು ಕಂಪನಿಯ ಡಿಜಿ ಡೆಸ್ಕಿಗೆ ಕಳಿಸಿ, ಅವರು ಒಪ್ಪಿದ ಮೇಲೆಯೇ ಬುಕಿಂಗ್. ಮಾಮೂಲಿ ಬಾಡಿಗೆಯ ಮೇಲೆ ಡಿಜಿ ಸರ್‌ಚಾರ್ಜ್. ಕಂಟೇನರಿನ ನಾಲ್ಕೂ ಮಗ್ಗುಲಿಗೆ 4.2ರ ಫಲಕ. “ಕಾಯಿ ಅಂತಲೇ ಬರೆದು ಹಾಕ್ಬಿಡಿ, ಯಾರು ನೋಡ್ತಾರೆ” ಎಂದು ಸಲಹೆ ಕೊಟ್ಟ ಪುಣ್ಯಾತ್ಮರೂ ಇದ್ದರು. ಸುಳ್ಳು ಹೆಸರಿನಲ್ಲಿ ಅಪಾಯಕಾರಿ ಸರಕು ಹಾಕಿ ಸಿಕ್ಕಿಬಿದ್ದರೆ ಹಡಗು ಕಂಪನಿ ದಂಡ ಹಾಕುತ್ತದೆ. ಸಿಕ್ಕಿಬೀಳದಿದ್ದರೆ ನಡುಸಮುದ್ರದಲ್ಲಿ ಬೆಂಕಿ ಆರಿಸುವವರು ಹಡಗಿನ ಹುಡುಗರು.

ಈಗ ಆ “ಸಿಐಎಫ್ ಡೋರ್ ಡೆಲಿವರಿ”. ಸಿಐಎಫ್ ಅಂದರೆ ಆ ಕಡೆಯ ಬಂದರಿನವರೆಗಿನ ಬಾಡಿಗೆಯೂ ವಿಮೆಯೂ ಮಾರುವವನದು. ಅಲ್ಲಿಂದ ಮನೆಬಾಗಿಲಿನ ಸುದ್ದಿ ಅದರಲ್ಲಿಲ್ಲ. ಬಾಗಿಲಿನವರೆಗೆ ಬೇಕಾದರೆ ಡಿಎಪಿ, ಅಲ್ಲಿಯ ಸುಂಕವನ್ನೂ ನೀನೇ ಕಟ್ಟುವುದಾದರೆ ಡಿಡಿಪಿ. ಮೂರಕ್ಕೂ ಮೂರು ರೇಟು. ಇನ್ನೊಬ್ಬರು, ವಯಸ್ಸಾದವರು, ಮಧುಗಿರಿ ಕಡೆಯ ಹುಣಸೆಹಣ್ಣಿನ ವ್ಯಾಪಾರಿ, “ಎಫ್‌ಒಬಿ ತುಮಕೂರು” ಅಂತ ಬರೆದು ಕಳಿಸಿದ್ದರು. ಎಫ್‌ಒಬಿ ಅಂದರೆ ಸರಕು ಹಡಗಿನ ಮೇಲೆ ಏರುವವರೆಗೆ ಮಾರುವವನ ಜವಾಬ್ದಾರಿ. ಯಜಮಾನ್ರೇ, ಅಮಾನಿಕೆರೆಗೆ ಹಡಗು ಬರಲ್ಲ ಅಂದೆ. ನಕ್ಕರು, ಆದರೆ ಅವರ ಖರೀದಿದಾರ ನಗಲಿಲ್ಲ. ತುಮಕೂರಿನಿಂದ ಚೆನ್ನೈಗೆ ಟ್ರೇಲರ್ ಬಾಡಿಗೆ, ಕಸ್ಟಮ್ಸ್ ಕೆಲಸ, ಬಂದರಿನ ಟರ್ಮಿನಲ್ ಚಾರ್ಜು ಯಾರದ್ದು ಎಂದು ಇಬ್ಬರೂ ಬೇರೆ ಬೇರೆ ಅಂದುಕೊಂಡಿದ್ದರು. ಯಜಮಾನರ ಮನಸ್ಸಿನಲ್ಲಿದ್ದದ್ದು ಎಫ್‌ಸಿಎ ತುಮಕೂರು: ಇಲ್ಲಿ ಗೋದಾಮಿನ ಬಾಗಿಲಲ್ಲಿ ಖರೀದಿದಾರನ ಗಾಡಿಗೆ ತುಂಬಿಸಿ, ರಫ್ತಿನ ಕಸ್ಟಮ್ಸ್ ಮುಗಿಸಿ ಕೈತೊಳೆದುಕೊಳ್ಳುವುದು. ಮೂರಕ್ಷರ ಬರೆದರೆ ಸಾಲದು, ಪಕ್ಕದಲ್ಲಿ ಯಾವ ಊರು ಅನ್ನುವುದೂ ಷರತ್ತಿನ ಭಾಗ.

ಆದರೆ ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. “ಅಕ್ಕಾ, ಈ ರೇಟಿನಲ್ಲಿ ಏನು ಸೇರಿಲ್ಲ?”

ಎಲ್‌ಸಿಎಲ್‌ನಲ್ಲಿ ಸಮುದ್ರದ ಬಾಡಿಗೆ ಕೆಲವೊಮ್ಮೆ ನಾಚಿಕೆಯಾಗುವಷ್ಟು ಕಡಿಮೆ ಇರುತ್ತದೆ, ಸೊನ್ನೆಯೂ ಇರುತ್ತದೆ. ಪುಕ್ಕಟೆ ಯಾರೂ ಸಾಗಿಸುವುದಿಲ್ಲ. ಸರಕು ದುಬೈನ ಜಬಲ್ ಅಲಿ ಬಂದರಿನಲ್ಲಿ ಇಳಿದ ಮೇಲೆ ಕನ್ಸಾಲಿಡೇಟರಿನ ಅಲ್ಲಿಯ ಏಜೆಂಟು ಡೆಲಿವರಿ ಆರ್ಡರ್ ಕೊಡಬೇಕಲ್ಲ, ಅದು ಇಲ್ಲದೆ ಸರಕು ಹೊರಗೆ ಬರುವುದಿಲ್ಲ. ಆಗ ಬಿಚ್ಚಿದ್ದಕ್ಕೆ, ಇಟ್ಟಿದ್ದಕ್ಕೆ, ಕಾಗದಕ್ಕೆ ಅಂತ ಸಿಬಿಎಂ ಲೆಕ್ಕದಲ್ಲಿ ಬಿಲ್ಲು. ಸಿಐಎಫ್‌ನಲ್ಲಿ ಫಾರ್ವರ್ಡರನ್ನು ಆರಿಸಿದ್ದು ನೀವು, ಬಿಲ್ಲು ಬೀಳುವುದು ನಿಮ್ಮ ಖರೀದಿದಾರನಿಗೆ. ಚೌಕಾಸಿಗೆ ಅವನಿಗೆ ದಾರಿಯೇ ಇಲ್ಲ, ಸರಕು ಅವರ ಗೋದಾಮಿನಲ್ಲಿ ಸಿಕ್ಕಿಕೊಂಡಿದೆ. ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಇಂಥ ಒಂದು ಅಗ್ಗದ ರೇಟು ಹೆಮ್ಮೆಯಿಂದ ಕೊಟ್ಟಿದ್ದೆ. ಅಲ್ಲಿನ ಬಿಲ್ಲು ಸಮುದ್ರ ಬಾಡಿಗೆಯನ್ನು ಮೀರಿತು. ಖರೀದಿದಾರ ಆ ದುಡ್ಡನ್ನು ಮುಂದಿನ ಪಾವತಿಯಲ್ಲಿ ಮುರಿದುಕೊಂಡ, ಎರಡನೇ ಆರ್ಡರ್ ಕೊಡಲಿಲ್ಲ. ತಿಂಡಿಪುಡಿ ಮಾಡಿ ಕಳಿಸುತ್ತಿದ್ದ ಆ ಹೆಂಗಸು ನನ್ನನ್ನು ಬೈಯಲಿಲ್ಲ, ಅದೇ ಈಗಲೂ ಚುಚ್ಚುತ್ತದೆ. ಅಲ್ಲಿಂದೀಚೆಗೆ ಕೇಳದಿದ್ದರೂ ಆ ಕಡೆಯ ಖರ್ಚಿನ ಪಟ್ಟಿ ತರಿಸಿ ಜೊತೆಗೇ ಕೊಡುತ್ತೇನೆ. ಮೊತ್ತ ದೊಡ್ಡದಾಗಿ ಕಾಣುತ್ತದೆ. ಪಕ್ಕದ ಆಫೀಸು ಅಗ್ಗ ಅಂತ ಎದ್ದುಹೋಗುವವರು ಹೋಗುತ್ತಾರೆ.

ಹಾಗಾದರೆ ಹೇಗೆ ಬರೆಯಬೇಕು ಅಂತೀರಾ? ಆ ಹುಡುಗ ಎರಡನೇ ಸಲ ಬರೆದದ್ದನ್ನೇ ಕೊಡುತ್ತೇನೆ, ಕಾಗುಣಿತ ಮಾತ್ರ ತಿದ್ದಿದ್ದೇನೆ:

“ಸರಕು ಉಂಡೆ ಕೊಬ್ಬರಿ, ಎಚ್‌ಎಸ್ 1203, ಯುಎನ್ 1363, ಕ್ಲಾಸ್ 4.2. ಎಂಎಸ್‌ಡಿಎಸ್ ಲಗತ್ತಿಸಿದ್ದೇನೆ. 25 ಕೆ.ಜಿ.ಯ 480 ಚೀಲ, ತುಂಬಿದ ಚೀಲ 70×45×18 ಸೆಂ.ಮೀ. ಒಂದು ಇಪ್ಪತ್ತು ಅಡಿ ಕಂಟೇನರ್, ತುಂಬಿಸುವುದು ತಿಪಟೂರಿನ ಗೋದಾಮಿನಲ್ಲಿ. ಸರಕು ಮುಂದಿನ ತಿಂಗಳ 10ಕ್ಕೆ ಸಿದ್ಧ. ಎಫ್‌ಒಬಿ ಚೆನ್ನೈ ಮತ್ತು ಸಿಐಎಫ್ ಜಬಲ್ ಅಲಿ, ಎರಡಕ್ಕೂ ಬೇರೆ ಬೇರೆ ರೇಟು ಕೊಡಿ. ಇಲ್ಲಿನ ಖರ್ಚು, ಸಮುದ್ರ ಬಾಡಿಗೆ, ಅಲ್ಲಿನ ಖರ್ಚು ಮೂರನ್ನೂ ಬಿಡಿಸಿ ಬರೆಯಿರಿ. ರೇಟು ಯಾವ ದಿನಾಂಕದವರೆಗೆ, ಕಂಟೇನರ್ ಎಷ್ಟು ದಿನ ಪುಕ್ಕಟೆ ಇಟ್ಟುಕೊಳ್ಳಬಹುದು ತಿಳಿಸಿ.”

ಇದಕ್ಕೆ ನಾನು ಅವತ್ತು ಸಂಜೆಯೊಳಗೆ ಉತ್ತರ ಕೊಟ್ಟೆ. ಇಂಥದ್ದನ್ನು ಮೂವರು ಫಾರ್ವರ್ಡರಿಗೆ ಕಳಿಸಿದರೂ ನನಗೆ ಬೇಜಾರಿಲ್ಲ. ಮೂವರೂ ಒಂದೇ ಸರಕಿಗೆ ರೇಟು ಹೇಳುತ್ತಿರುತ್ತಾರೆ, ಹೋಲಿಸಿ ನೋಡಬಹುದು.

ಮೊನ್ನೆ ಅವನೇ ಫೋನ್ ಮಾಡಿದ್ದ. ಕೊಬ್ಬರಿ ಒಡೆದಮೇಲೆ ಚಿಪ್ಪು ರಾಶಿ ಬಿದ್ದಿದೆ, ಸುಟ್ಟು ಇದ್ದಿಲು ಮಾಡಿ ಕಳಿಸುವ ಯೋಚನೆಯಂತೆ. “ಅಕ್ಕಾ, ಅದಕ್ಕೂ ನಾಲ್ಕು ಪಾಯಿಂಟ್ ಎರಡು ಇರುತ್ತಾ?” ಅಂದ. ಇರುತ್ತೆ, ಯುಎನ್ 1361 ಅಂದೆ. ಮೊದಲು ಪರೀಕ್ಷೆ ಪಾಸಾದ ಇದ್ದಿಲಿಗೆ ವಿನಾಯಿತಿ ಇತ್ತು, 2026ರ ಜನವರಿಯಿಂದ ಅದೂ ಹೋಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಸರಿ, ತುಂಬಿದ ಚೀಲ ಅಳೆದು ಕಳಿಸ್ತೀನಿ” ಅಂದ.